ಎರಡು ಬೆರಳು ದಪ್ಪದ ಕೇಸ್ ಶೀಟ್, ಒಂದು ಹಾಳೆಯ ಡಿಸ್ಚಾರ್ಜ್ ಕಾರ್ಡ್

ನವಜಾತ ಶಿಶು ಘಟಕದಲ್ಲಿ ಎರಡು ವಾರ ಕಳೆದ ಮಗುವಿನ ಕೇಸ್ ಶೀಟ್ ಎರಡು ಬೆರಳು ದಪ್ಪ ಇರುತ್ತದೆ. ಮನೆಗೆ ಹೊರಡುವಾಗ ತಾಯಿಯ ಕೈಗೆ ಸಿಗುವುದು ಒಂದೇ ಹಾಳೆ. ಅದರಲ್ಲಿ ಏನಿರಬೇಕೆಂಬ ಗೊಂದಲ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇನ್ನೂ ತೀರಿಲ್ಲ. ಅದು ಹೇಗೆ ಬೆಳೆಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ತೂಕ ಕಡಿಮೆಯಿದ್ದ ಮಗುವನ್ನು ಹತ್ತಿಯಲ್ಲಿ ಸುತ್ತಿ, ಬದುಕಿದರೆ ದೇವರ ದಯೆ ಎನ್ನುತ್ತಿದ್ದ ಕಾಲದಲ್ಲಿ ಇಂಥ ಹಾಳೆಯ ಪ್ರಶ್ನೆಯೇ ಇರಲಿಲ್ಲ. ಜಿಲ್ಲಾ ಮಟ್ಟದ ವಿಶೇಷ ಶಿಶು ಆರೈಕೆ ಘಟಕದ ಮಾದರಿ 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಶುರುವಾಯಿತು. 2005ರ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ ಅದು ದೇಶಕ್ಕೆಲ್ಲ ಹರಡಿತು. 2011ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು. ಒಂದು, ಆಸ್ಪತ್ರೆಯ ಘಟಕಗಳಿಗೆ ಕೇಂದ್ರದ ಮಾರ್ಗಸೂಚಿ. ಇನ್ನೊಂದು, ಆಶಾ ಕಾರ್ಯಕರ್ತೆ ಮನೆಗೇ ಹೋಗಿ ಮಗುವನ್ನು ನೋಡುವ ಕಾರ್ಯಕ್ರಮ. ಒಳಗಿನ ಆರೈಕೆ ಮತ್ತು ಹೊರಗಿನ ಆರೈಕೆ ಒಂದೇ ವರ್ಷ ಗಟ್ಟಿಯಾದವು, ಆದರೆ ನಡುವಿನ ಹಾಳೆಯ ಬಗ್ಗೆ ಅಷ್ಟು ಯೋಚನೆ ನಡೆದಂತೆ ಕಾಣುವುದಿಲ್ಲ.

ಮುಂದೆ ಕಂಪ್ಯೂಟರ್ ಬಂತು. ನಾನು ಹತ್ತಿರದಿಂದ ಕಂಡದ್ದು ಈ ಹಂತವನ್ನು. ರಾತ್ರಿ ಪಾಳಿಯ ನರ್ಸ್ ಕೈಬರಹದಲ್ಲಿ ಗಂಟೆ, ನಿಮಿಷ, ಹಾಲಿನ ಅಳತೆ ಎಲ್ಲವನ್ನೂ ಬರೆದಿಡುತ್ತಿದ್ದರು. ಹಗಲು ಡೇಟಾ ಎಂಟ್ರಿ ಮಾಡುವವರು ಅದನ್ನು ಅಂಕಣಗಳಿಗೆ ಇಳಿಸುತ್ತಿದ್ದರು. ಕಾಮಾಲೆ: ಹೌದು ಅಥವಾ ಇಲ್ಲ. ಲಸಿಕೆ: ಆಗಿದೆ ಅಥವಾ ಇಲ್ಲ. ಎಷ್ಟು ಮಕ್ಕಳಿಗೆ ಕಾಮಾಲೆ ಬಂತೆಂದು ತಿಂಗಳ ಕೊನೆಗೆ ಮೇಲಕ್ಕೆ ಕಳಿಸಲು ಅಷ್ಟು ಸಾಕು. ಆ ಅಂಕಣಗಳನ್ನೇ ಮುದ್ರಿಸಿ ತಾಯಿಗೆ ಕೊಡುವ ರೂಢಿ ಬಿದ್ದಾಗ ತೊಂದರೆ ಶುರುವಾಯಿತು. ಎಣಿಕೆಗೆ ಬೇಡವಾದ ಗಂಟೆಯೇ ಚಿಕಿತ್ಸೆಗೆ ಬೇಕಾಗಿತ್ತು.

ಲೆಕ್ಕಕ್ಕೆಂದು ಒಂದು ಮಗುವನ್ನು ತೆಗೆದುಕೊಳ್ಳೋಣ. ಮುಳಬಾಗಿಲಿನ ಬಾಣಂತಿ, ಗರ್ಭಕ್ಕೆ 33 ವಾರ, ಮಗು ಹುಟ್ಟಿದ್ದು ಮಾರ್ಚ್ 4ರ ಬೆಳಗಿನ ಜಾವ 2 ಗಂಟೆಗೆ, ತೂಕ 1,620 ಗ್ರಾಂ. ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ; ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಜಿಲ್ಲಾ ಘಟಕಕ್ಕೆ. ಮನೆಗೆ ಹೊರಟದ್ದು ಮಾರ್ಚ್ 20ರಂದು. ಕಾರ್ಡಿನಲ್ಲಿ ಬಂದ ಸಾಲು: ‘ಕಾಮಾಲೆ, ಫೋಟೋಥೆರಪಿ ಕೊಡಲಾಗಿದೆ, ಗುಣವಾಗಿದೆ. ಲಸಿಕೆ ಆಗಿದೆ. ಎದೆಹಾಲು ಮುಂದುವರಿಸಿ.’

ಈಗ ಕೇಸ್ ಶೀಟ್ ಬಿಚ್ಚಿ ನೋಡಿ. ಮಾರ್ಚ್ 6ರ ಬೆಳಗ್ಗೆ 8ಕ್ಕೆ ತೆಗೆದ ರಕ್ತದಲ್ಲಿ ಬಿಲಿರುಬಿನ್, ಅಂದರೆ ಕಾಮಾಲೆ ತರುವ ಹಳದಿ ಅಂಶ, ಡೆಸಿಲೀಟರಿಗೆ 12.4 ಮಿ.ಗ್ರಾಂ. ಅಂದರೆ ಮಗುವಿಗೆ ಆಗ 54 ಗಂಟೆ. ಬರೀ 12.4 ಎಂದರೆ ಏನೂ ಹೇಳಿದಂತಾಗುವುದಿಲ್ಲ. ತುಂಬು ತಿಂಗಳ, ಬೇರೆ ತೊಂದರೆಯಿಲ್ಲದ ಮಗುವಿಗೆ ನಾಲ್ಕನೆಯ ದಿನದ ಹೊತ್ತಿಗೆ ಅಷ್ಟಿದ್ದರೆ ಸಾಮಾನ್ಯವಾಗಿ ಬೆಳಕಿನ ಚಿಕಿತ್ಸೆ ಬೇಕಾಗುವುದಿಲ್ಲ. 33 ವಾರದ ಮಗುವಿಗೆ 54 ಗಂಟೆಗೇ ಅಷ್ಟು ಬಂದರೆ ನೀಲಿ ದೀಪದ ಕೆಳಗೆ ಇಡಲೇಬೇಕು. ಮಾರ್ಚ್ 8ರ ಬೆಳಗ್ಗೆ 10ಕ್ಕೆ 7.8ಕ್ಕೆ ಇಳಿದಾಗ ದೀಪ ತೆಗೆದಿದ್ದಾರೆ. ಮರುದಿನ ಅದೇ ಹೊತ್ತಿಗೆ ಮತ್ತೆ ರಕ್ತ ನೋಡಿದಾಗ 9.1. ದೀಪ ತೆಗೆದ ಮೇಲೆ ಸ್ವಲ್ಪ ಏರುವುದು ನಿರೀಕ್ಷಿತ. ಚಿಕಿತ್ಸೆಯ ಗಡಿ ಮುಟ್ಟದಿದ್ದರಾಯಿತು. ಈ ಮೂರು ಸಂಖ್ಯೆಗಳು, ಮೂರು ಗಂಟೆಗಳು, ‘ರಕ್ತದಿಂದ ಅಳೆದದ್ದು’ ಎಂಬ ಮಾತು ಇದ್ದರೆ ಮುಂದೆ ನೋಡುವ ವೈದ್ಯರಿಗೆ ದಾರಿ ಕಾಣುತ್ತದೆ. ಅಳತೆಯ ವಿಧಾನವನ್ನು ಬರೆಯುವುದಕ್ಕೆ ಕಾರಣವಿದೆ: ನೀಲಿ ಬೆಳಕು ಬಿದ್ದ ಚರ್ಮ ಬಿಳಿಚಿಕೊಳ್ಳುವುದರಿಂದ ಕಣ್ಣೂ, ಚರ್ಮದ ಮೇಲಿಡುವ ಉಪಕರಣವೂ ಮೋಸ ಹೋಗುತ್ತವೆ.

‘ಮೂರನೆಯ ದಿನ’ ಎಂದು ಬರೆದರೆ ಸಾಲದೇ ಎನ್ನಬಹುದು. ಸಾಲದು. ಕೆಲವರು ಹುಟ್ಟಿದ ದಿನವನ್ನು ಒಂದು ಎಂದು ಎಣಿಸುತ್ತಾರೆ, ಕೆಲವರು ಸೊನ್ನೆ ಎಂದು. ಒಂದೇ ಕೇಸ್ ಶೀಟಿನಲ್ಲಿ ಹಗಲಿನವರದು ಒಂದು ಲೆಕ್ಕ, ರಾತ್ರಿಯವರದು ಇನ್ನೊಂದು ಆಗಿರುವುದನ್ನು ಕಂಡಿದ್ದೇನೆ. ಹುಟ್ಟಿದ ಗಂಟೆಯನ್ನೂ ರಕ್ತ ತೆಗೆದ ಗಂಟೆಯನ್ನೂ ಬರೆದರೆ ಜಗಳವೇ ಇಲ್ಲ.

ಲಸಿಕೆಯ ಸಾಲು ಇನ್ನೂ ತೊಡಕಿನದು. ಹುಟ್ಟಿನ ಹೆಪಟೈಟಿಸ್ ಬಿ ಲಸಿಕೆ 24 ಗಂಟೆಯೊಳಗೆ ಆಗಬೇಕು. ಈ ಮಗುವಿಗೆ ಅದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೇ ಆಗಿದೆ, ಆದರೆ ದಾಖಲೆ ಅಲ್ಲಿನ ರಿಜಿಸ್ಟರಿನಲ್ಲಿ ಉಳಿದಿದೆ. ಬಿಸಿಜಿ ಘಟಕದಿಂದ ಹೊರಡುವ ದಿನ ಹಾಕಿದ್ದಾರೆ. ಅದಕ್ಕೆ ಒಂದು ವರ್ಷದವರೆಗೂ ಅವಕಾಶವಿದೆ. ಪೋಲಿಯೊ ಹನಿಯ ಸೊನ್ನೆ ಡೋಸ್ ಮಾತ್ರ ಹುಟ್ಟಿದ 15 ದಿನದೊಳಗೆ ಆಗಬೇಕು. ಹೊರಡುವಾಗ ಎಲ್ಲ ಲಸಿಕೆಯನ್ನೂ ಒಟ್ಟಿಗೆ ಹಾಕುವ ರೂಢಿಯಿರುವಲ್ಲಿ, 16 ದಿನ ಉಳಿದ ಮಗುವಿಗೆ ಅದು ತಪ್ಪುತ್ತದೆ. ‘ಲಸಿಕೆ ಆಗಿದೆ’ ಎಂಬ ಎರಡು ಪದ ಒಂದು ಆದದ್ದನ್ನು, ಒಂದು ಬೇರೆ ಕಡೆ ಆದದ್ದನ್ನು, ಒಂದು ಆಗದೇ ಹೋದದ್ದನ್ನು ಒಂದೇ ಚೀಲಕ್ಕೆ ತುಂಬಿಬಿಟ್ಟಿತು. ಪ್ರತಿ ಲಸಿಕೆಗೂ ತಾರೀಖು, ಸ್ಥಳ. ಆಗದಿದ್ದರೆ ‘ಆಗಿಲ್ಲ, ಅವಧಿ ಮುಗಿದಿದೆ, ಆರು ವಾರಕ್ಕೆ ಮೊದಲ ಡೋಸ್’ ಎಂದು ಬರೆಯಬೇಕು. ಆಗಿಲ್ಲ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಅದು ಬೇರೆ ಮಾತು.

ಹಾಲಿನ ವಿಷಯಕ್ಕೆ ಬರೋಣ. ‘ಎದೆಹಾಲು ಮುಂದುವರಿಸಿ’ ಎಂದರೆ ಈ ತಾಯಿಗೆ ಅರ್ಥವಾಗುವುದೇನು? ಮಗು ಇನ್ನೂ ಪೂರ್ತಿ ಎದೆಯಿಂದ ಕುಡಿಯುವುದಿಲ್ಲ, ಬೇಗ ಸುಸ್ತಾಗುತ್ತದೆ. ಹೊರಡುವ ದಿನದ ತೂಕ 1,710 ಗ್ರಾಂ. ಕೆ.ಜಿ.ಗೆ ದಿನಕ್ಕೆ 160 ಮಿ.ಲೀ. ಎಂದರೆ ಸುಮಾರು 274 ಮಿ.ಲೀ.; ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ 23 ಮಿ.ಲೀ. ‘ಮೊದಲು ಎದೆಗೆ ಹಾಕಿ, ಸಾಲದ್ದನ್ನು ಹಿಂಡಿದ ಹಾಲಿನಿಂದ ಒಳಲೆಯಲ್ಲಿ ಕೊಡಿ, ಒಟ್ಟು 23 ಮಿ.ಲೀ.ನಷ್ಟು, ರಾತ್ರಿಯೂ ಎಬ್ಬಿಸಿ’ ಎಂದಿದ್ದರೆ ಅಜ್ಜಿಗೂ ತಿಳಿಯುತ್ತದೆ. ತೂಕ ಅತಿ ಕಡಿಮೆಯಿದ್ದ ದಿನವೂ ಕಾರ್ಡಿನಲ್ಲಿ ಇರಬೇಕು. ಈ ಮಗು 1,495ಕ್ಕೆ ಇಳಿದು ಮತ್ತೆ ಏರಿದೆ. ಅದು ಗೊತ್ತಿಲ್ಲದವರಿಗೆ 16 ದಿನಕ್ಕೆ 90 ಗ್ರಾಂ ಏರಿಕೆ ಬಹಳ ಕಡಿಮೆಯಾಗಿ ಕಾಣುತ್ತದೆ.

ಉಳಿದದ್ದು ಮರುಭೇಟಿ. ಆಶಾ ಭೇಟಿಯ ವೇಳಾಪಟ್ಟಿಯಲ್ಲಿ 3, 7, 14, 21, 28, 42ನೆಯ ದಿನಗಳಿವೆ. ಹುಟ್ಟಿದ ದಿನವನ್ನು ಒಂದು ಎಂದು ಎಣಿಸಿದರೆ ಈ ಮಗುವಿಗೆ ಉಳಿದವು ಮಾರ್ಚ್ 24, ಮಾರ್ಚ್ 31, ಏಪ್ರಿಲ್ 14. 34 ವಾರಕ್ಕೆ ಮೊದಲು ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣಿನ ಅಕ್ಷಿಪಟಲವನ್ನು ನಾಲ್ಕು ವಾರದೊಳಗೆ ನೋಡಬೇಕು, ಅಂದರೆ ಏಪ್ರಿಲ್ 1ರೊಳಗೆ. ಆರು ವಾರದ ಲಸಿಕೆ ಏಪ್ರಿಲ್ 15ಕ್ಕೆ. ಬೇಗ ಹುಟ್ಟಿದ ಮಗುವಿಗೂ ಲಸಿಕೆಯ ಲೆಕ್ಕ ಹುಟ್ಟಿದ ದಿನದಿಂದಲೇ. ಮೂರು ವಾರ ಕಳೆದೂ ಕಣ್ಣು ಹಳದಿಯಾಗಿದ್ದರೆ, ಮಲ ಸುಣ್ಣದಂತೆ ಬಿಳಿಚಿದ್ದರೆ ಕಾಯದೆ ಬರಬೇಕು ಎಂಬ ಸಾಲು ಕೂಡ ಬೇಕು. ಅದು ಪಿತ್ತನಾಳದ ತೊಂದರೆಯಾಗಿರಬಹುದು.

ಈಚೆಗೆ ಎಲ್ಲ ದಾಖಲೆಗಳೂ ಒಂದೇ ಡಿಜಿಟಲ್ ಗುರುತಿನಡಿ ಬರಬೇಕೆಂದು 2021ರಿಂದ ರಾಷ್ಟ್ರಮಟ್ಟದ ಕೆಲಸ ನಡೆದಿದೆ. ನಮೂನೆಗಳು ಹೆಚ್ಚು ಅಚ್ಚುಕಟ್ಟಾಗುತ್ತಿವೆ. ಆದರೆ ಕೋಲಾರದ ಮಾತು ಬೇರೆ ಇದೆ. 2007ರವರೆಗೆ ಚಿಕ್ಕಬಳ್ಳಾಪುರ ಈ ಜಿಲ್ಲೆಯದೇ ಭಾಗವಾಗಿತ್ತು. ಮದುವೆ ಸಂಬಂಧಗಳು ಇಂದಿಗೂ ಗಡಿ ನೋಡುವುದಿಲ್ಲ. ನಮ್ಮ ಲೆಕ್ಕದ ಬಾಣಂತಿ ಆಸ್ಪತ್ರೆಯಿಂದ ಹೋದದ್ದು ಮುಳಬಾಗಿಲಿಗಲ್ಲ, ಚಿಂತಾಮಣಿ ಹತ್ತಿರದ ತವರಿಗೆ. ಕಾರ್ಡಿನಲ್ಲಿರುವುದು ಗಂಡನ ಮನೆ ವಿಳಾಸ. ಮಾರ್ಚ್ 24ರಂದು ಮುಳಬಾಗಿಲಿನ ಆಶಾ ಬಾಗಿಲು ತಟ್ಟಿದಾಗ ಮನೆಯಲ್ಲಿ ಅತ್ತೆಯೊಬ್ಬರೇ ಇರುತ್ತಾರೆ.