ಗ್ರೀಸ್ ಸಾಲದ ಮೇಲಿನ ವಿಮೆ: ಸಿಡಿಎಸ್ ದರದಲ್ಲಿ ಏನೇನು ಅಡಗಿರುತ್ತದೆ

1994ರಲ್ಲಿ ಎಕ್ಸಾನ್ ಕಂಪನಿಗೆ ಭಾರೀ ಮೊತ್ತದ ಸಾಲದ ಭರವಸೆ ಬೇಕಾಗಿತ್ತು. 1989ರಲ್ಲಿ ಅಲಾಸ್ಕಾದ ಕಡಲಲ್ಲಿ ಅದರ ಹಡಗಿನಿಂದ ತೈಲ ಸೋರಿದ್ದಕ್ಕೆ ಕೋರ್ಟಿನಲ್ಲಿ 500 ಕೋಟಿ ಡಾಲರ್ ದಂಡ ಎದುರಾಗಿತ್ತು. ಹಳೆಯ ಗ್ರಾಹಕನಿಗೆ ಇಲ್ಲ ಎನ್ನಲಾಗದೆ ಜೆ.ಪಿ. ಮಾರ್ಗನ್ ಬ್ಯಾಂಕ್ 480 ಕೋಟಿ ಡಾಲರ್‌ವರೆಗೆ ಸಾಲ ಕೊಡಲು ಒಪ್ಪಿತು. ಆದರೆ ಅಷ್ಟು ದೊಡ್ಡ ಅಪಾಯವನ್ನು ತಾನೊಬ್ಬನೇ ಹೊರಲಿಲ್ಲ. ವರ್ಷವರ್ಷವೂ ಶುಲ್ಕ ಕೊಡುವ ಮಾತಿನ ಮೇಲೆ, ಎಕ್ಸಾನ್ ಕೈಕೊಟ್ಟರೆ ನಷ್ಟ ತುಂಬಿಕೊಡುವ ಹೊಣೆಯನ್ನು ಪುನರ್ನಿರ್ಮಾಣ ಮತ್ತು ಅಭಿವೃದ್ಧಿಯ ಯುರೋಪಿಯನ್ ಬ್ಯಾಂಕಿಗೆ ವಹಿಸಿತು. ಸಾಲ ಒಬ್ಬರ ಲೆಕ್ಕದಲ್ಲಿ, ಅದು ತೀರದೆ ಹೋಗುವ, ಅಂದರೆ ಸುಸ್ತಿಯ ಅಪಾಯ ಇನ್ನೊಬ್ಬರ ತಲೆಯ ಮೇಲೆ. ಕ್ರೆಡಿಟ್ ಡಿಫಾಲ್ಟ್ ಸ್ವಾಪ್, ಅಂದರೆ ಸಿಡಿಎಸ್ ಎಂಬ ಒಪ್ಪಂದದ ತಿರುಳು ಇಷ್ಟೇ.

ಇದನ್ನು ವಿಮೆ ಎನ್ನುವುದು ಸರಿಯೇ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕೊಳ್ಳುವವರ ಬಳಿ ಆ ಸಾಲಪತ್ರ ಇರಲೇಬೇಕೆಂದಿಲ್ಲ. ಹಾಗಾಗಿ ನಷ್ಟಕ್ಕೆ ಹೆದರುವವರ ಜೊತೆಗೆ, ನಷ್ಟ ಆಗಿಯೇ ತೀರುತ್ತದೆ ಎಂದು ಪಣ ಕಟ್ಟುವವರೂ ಈ ಮಾರುಕಟ್ಟೆಗೆ ಬರುತ್ತಾರೆ. ಇಬ್ಬರ ಬೇಡಿಕೆಯೂ ಸೇರಿ ದರ ನಿಗದಿಯಾಗುತ್ತದೆ.

ಈ ದರವನ್ನು ಓದುವುದು ಹೇಗೆಂದು ಕಲಿಯಲು ಗ್ರೀಸ್‌ಗಿಂತ ಒಳ್ಳೆಯ ಪ್ರಕರಣವಿಲ್ಲ. 2009ರ ಅಕ್ಟೋಬರ್‌ನಲ್ಲಿ ಅಧಿಕಾರಕ್ಕೆ ಬಂದ ಜಾರ್ಜ್ ಪಾಪಾಂಡ್ರೇಯು ಸರ್ಕಾರ, ಬಜೆಟ್ ಕೊರತೆ ಹಿಂದಿನವರು ಹೇಳಿದ್ದರ ಸುಮಾರು ಎರಡರಷ್ಟಿದೆ, ಜಿಡಿಪಿಯ 12%ಕ್ಕೂ ಹೆಚ್ಚು ಎಂದು ಬಯಲು ಮಾಡಿತು. ವರ್ಷದ ಕೊನೆಗೆ ಗ್ರೀಸ್‌ನ 5 ವರ್ಷದ ಸಿಡಿಎಸ್ ದರ ಸುಮಾರು 280 ಬೇಸಿಸ್ ಪಾಯಿಂಟ್‌ಗೆ, ಅಂದರೆ ವರ್ಷಕ್ಕೆ 2.8%ಗೆ ಏರಿತ್ತು. 1 ಕೋಟಿ ಡಾಲರ್ ಸಾಲಕ್ಕೆ ರಕ್ಷಣೆ ಬೇಕೆಂದರೆ ವರ್ಷಕ್ಕೆ 2.8 ಲಕ್ಷ ಡಾಲರ್. ಮೂರು ತಿಂಗಳಿಗೊಮ್ಮೆ 70 ಸಾವಿರ.

ಪತ್ರಿಕೆಗಳು ಇಂಥ ದರವನ್ನು ಸುಸ್ತಿಯ ಸಾಧ್ಯತೆಗೆ ಪರಿವರ್ತಿಸಿ ಬರೆಯುತ್ತವೆ. ಲೆಕ್ಕ ಸರಳ: ವಾರ್ಷಿಕ ದರವನ್ನು, ಸುಸ್ತಿಯಾದಾಗ ಕಳೆದುಹೋಗುವ ಪಾಲಿನಿಂದ ಭಾಗಿಸಬೇಕು. ಸಾಲದಲ್ಲಿ 40% ವಾಪಸು ಬರುತ್ತದೆ ಎಂದುಕೊಂಡರೆ ನಷ್ಟ 60%. 2.8ನ್ನು 0.6ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 4.7%; 5 ವರ್ಷದಲ್ಲಿ ಒಟ್ಟು 21% ಹತ್ತಿರ. ಆದರೆ ಆ 40% ಮಾರುಕಟ್ಟೆಯ ರೂಢಿಯೇ ಹೊರತು ಯಾರೂ ಅಳೆದು ಹೇಳಿದ್ದಲ್ಲ. ಗ್ರೀಸ್‌ನಲ್ಲಿ ಕೊನೆಗೆ ಉಳಿದದ್ದು 21.5%. ಅದನ್ನೇ ಮೊದಲಿಗೆ ಊಹಿಸಿದ್ದರೆ ಅದೇ 280ರ ದರ 5 ವರ್ಷಕ್ಕೆ ಸುಮಾರು 16% ಸಾಧ್ಯತೆಯನ್ನಷ್ಟೇ ತೋರಿಸುತ್ತಿತ್ತು. ಮೇಲಾಗಿ, ರಕ್ಷಣೆ ಮಾರುವವರು ತಾವು ಹೊರುವ ಅಪಾಯಕ್ಕೆ ಒಂದಷ್ಟು ಹೆಚ್ಚುವರಿ ಕೇಳುತ್ತಾರೆ. ಆ ಭಾಗವೂ ದರದೊಳಗೇ ಸೇರಿರುವುದರಿಂದ ಹೀಗೆ ತೆಗೆದ ಸಾಧ್ಯತೆ ನಿಜವಾದದ್ದಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಆದ್ದರಿಂದ ಒಂದು ದಿನದ ಅಂಕಿಗಿಂತ, ಅದು ಎಷ್ಟು ಬೇಗ ಏರಿತು, ನೆರೆಯ ದೇಶಗಳ ದರಕ್ಕಿಂತ ಎಷ್ಟು ದೂರ ಹೋಯಿತು ಎಂಬುದನ್ನು ನಾನು ಹೆಚ್ಚು ನಂಬುತ್ತೇನೆ.

2012ರ ಆರಂಭದ ಹೊತ್ತಿಗೆ ಗ್ರೀಸ್‌ಗೆ ವಾರ್ಷಿಕ ದರ ಎಂಬ ಮಾತಿಗೇ ಅರ್ಥ ಉಳಿದಿರಲಿಲ್ಲ. ಸುಸ್ತಿ ಕೆಲವೇ ವಾರಗಳಲ್ಲಿ ಆಗುವುದಾದರೆ ಮಾರುವವನ ಕೈಗೆ ಒಂದೆರಡು ಕಂತೂ ಸಿಗುವುದಿಲ್ಲ. ಹಾಗಾಗಿ ಆತ ಮೊತ್ತವನ್ನು ಮುಂಗಡವಾಗಿಯೇ ಕೇಳುತ್ತಾನೆ. ಮಾರ್ಚ್‌ನಲ್ಲಿ 100 ಡಾಲರ್ ಸಾಲದ ರಕ್ಷಣೆಗೆ 70 ಡಾಲರ್‌ಗೂ ಹೆಚ್ಚು ಮುಂಗಡ ಕೊಡಬೇಕಿತ್ತು. ಸುದ್ದಿಗಳಲ್ಲಿ ಕಾಣುವ ಸಾವಿರಾರು ಬೇಸಿಸ್ ಪಾಯಿಂಟ್‌ಗಳು ಈ ಮುಂಗಡವನ್ನು ವಾರ್ಷಿಕ ದರಕ್ಕೆ ತಿರುಗಿಸಿದ್ದರಿಂದ ಹುಟ್ಟುವ ಅಂಕಿಗಳು.

ಇಷ್ಟೆಲ್ಲ ಆದರೂ ಹಣ ಸಿಗುತ್ತದೆಯೇ ಎಂಬುದೇ ಖಚಿತವಿರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಯುರೋಪಿನ ನಾಯಕರು, ಗ್ರೀಸ್‌ಗೆ ಸಾಲ ಕೊಟ್ಟ ಖಾಸಗಿ ಸಾಲಿಗರು 50% ಅಸಲನ್ನು 'ಸ್ವಇಚ್ಛೆಯಿಂದ' ಬಿಟ್ಟುಕೊಡುತ್ತಾರೆ ಎಂದು ಘೋಷಿಸಿದರು. ಇಚ್ಛೆಯಿಂದ ಬಿಟ್ಟುಕೊಟ್ಟದ್ದು ಒಪ್ಪಂದದ ಪ್ರಕಾರ ಸುಸ್ತಿಯಲ್ಲ. ಸಾಲದ ಷರತ್ತು ಬದಲಿಸಿದಾಗ, ಆ ಬದಲಾವಣೆ ಎಲ್ಲ ಸಾಲಿಗರನ್ನೂ ಕಟ್ಟಿಹಾಕಿದರೆ ಮಾತ್ರ ಸಿಡಿಎಸ್ ಹಣ ಕೊಡಬೇಕು. ಅರ್ಧ ಹಣ ಹೋದರೂ ವಿಮೆ ಬರದಿದ್ದರೆ ಅದನ್ನು ಕೊಂಡು ಪ್ರಯೋಜನವೇನು? ಆಗ ಇಟಲಿ, ಸ್ಪೇನ್ ಬಾಂಡ್ ಇಟ್ಟುಕೊಂಡವರಿಗೂ ಸಿಡಿಎಸ್ ಕೊಳ್ಳುವುದಕ್ಕಿಂತ ಬಾಂಡನ್ನೇ ಮಾರಿ ಕೈತೊಳೆದುಕೊಳ್ಳುವುದು ಸುರಕ್ಷಿತವಾಗಿ ಕಾಣುವುದು ಸಹಜ. ಸುಸ್ತಿಯ ಭಯ ಹೆಚ್ಚಿದರೂ ವಿಮೆಯ ಮೇಲಿನ ನಂಬಿಕೆ ಕುಸಿದು ಸಿಡಿಎಸ್ ದರ ಅಷ್ಟಾಗಿ ಏರದಿರಬಹುದು ಎಂಬುದನ್ನು ಇಲ್ಲಿ ಗಮನಿಸಬೇಕು.

2012ರ ಫೆಬ್ರವರಿಯಲ್ಲಿ ಗ್ರೀಸ್ ಸಂಸತ್ತು ಒಂದು ಕಾನೂನು ಮಾಡಿತು. ಗ್ರೀಕ್ ಕಾನೂನಿನಡಿ ಬಿಡುಗಡೆಯಾದ ಹಳೆಯ ಬಾಂಡ್‌ಗಳಿಗೂ ಅನ್ವಯಿಸುವಂತೆ, ಬಹುಮತದ ಸಾಲಿಗರು ಒಪ್ಪಿದರೆ ಉಳಿದವರೂ ಬದ್ಧರು ಎಂಬ ಷರತ್ತನ್ನು ಅದು ತಂದಿತು. ಒಪ್ಪಂದಗಳ ವಿವಾದ ತೀರ್ಮಾನಿಸುವ ಐಎಸ್‌ಡಿಎ ಸಂಘಟನೆಯ ಸಮಿತಿ ಮಾರ್ಚ್ 1ರಂದು 'ಇನ್ನೂ ಸುಸ್ತಿಯಾಗಿಲ್ಲ' ಎಂದಿತು. ಮಾರ್ಚ್ 9ರಂದು ಗ್ರೀಸ್ ಆ ಷರತ್ತನ್ನು ಬಳಸಿದಾಗ 'ಈಗ ಆಗಿದೆ' ಎಂದಿತು.

ಮುಂದಿನ ಹೆಜ್ಜೆ ಹರಾಜು. ಸುಸ್ತಿಯಾದ ಬಾಂಡ್ ಎಷ್ಟು ಬೆಲೆ ಬಾಳುತ್ತದೆ ಎಂದು ಹರಾಜಿನಲ್ಲಿ ಗೊತ್ತು ಮಾಡಿ, 100ರಲ್ಲಿ ಉಳಿದದ್ದನ್ನು ರಕ್ಷಣೆ ಕೊಂಡವರಿಗೆ ಕೊಡುತ್ತಾರೆ. ಮಾರ್ಚ್ 19ರಂದು ಬಂದ ಬೆಲೆ 21.5, ಹಾಗಾಗಿ ಪರಿಹಾರ 78.5. 2009ರ ಕೊನೆಗೆ 280ರ ದರದಲ್ಲಿ 1 ಕೋಟಿ ಡಾಲರ್‌ಗೆ ರಕ್ಷಣೆ ಕೊಂಡವರು ಅಷ್ಟರಲ್ಲಿ ಸುಮಾರು 6.3 ಲಕ್ಷ ಕಟ್ಟಿ 78.5 ಲಕ್ಷ ಪಡೆದರು. ಇಡೀ ಮಾರುಕಟ್ಟೆಯಲ್ಲಿ, ಕೊಡುಕೊಳ್ಳುವಿಕೆ ವಜಾ ಮಾಡಿದ ಮೇಲೆ ಕೈ ಬದಲಿಸಿದ್ದು ಸುಮಾರು 250 ಕೋಟಿ ಡಾಲರ್. ಜನ ಹೆದರಿದ್ದಕ್ಕೆ ಹೋಲಿಸಿದರೆ ಇದು ಸಣ್ಣ ಮೊತ್ತವೇ.

ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿ ನಡೆಯಿತು. ಆದರೆ ಹರಾಜಿನ ವೇಳೆಗೆ ಗ್ರೀಕ್ ಕಾನೂನಿನ ಹಳೆಯ ಬಾಂಡ್‌ಗಳೇ ಇರಲಿಲ್ಲ. ಅವೆಲ್ಲ ಹೊಸದಕ್ಕೆ ಬದಲಾಗಿದ್ದವು. 100ರ ಹಳೆಯ ಬಾಂಡಿಗೆ ಸಿಕ್ಕದ್ದು ನಗದಿಗೆ ಸಮಾನವಾದ 15ರ ಪತ್ರಗಳು ಮತ್ತು 31.5 ಮುಖಬೆಲೆಯ ಹೊಸ ಗ್ರೀಕ್ ಬಾಂಡ್‌ಗಳು. ಹರಾಜು ಬೆಲೆ ಕಟ್ಟಿದ್ದು ಆ ಹೊಸ ಬಾಂಡ್‌ಗಳಿಗೆ. ಅವು ಮುಖಬೆಲೆಯ ಕಾಲುಭಾಗಕ್ಕಿಂತ ಕೆಳಗೆ ಬಿಕರಿಯಾಗುತ್ತಿದ್ದರಿಂದ ಹಳೆಯ ಬಾಂಡ್‌ನವರ ಕೈಯಲ್ಲಿ ಒಟ್ಟು ಉಳಿದದ್ದೂ 22ರ ಆಸುಪಾಸು. ಎರಡೂ ಹೊಂದಿಕೊಂಡದ್ದು ಬರೀ ಕಾಕತಾಳೀಯ. ಹೊಸ ಬಾಂಡ್‌ಗೆ ಮುಖಬೆಲೆಯ 70% ಬೆಲೆ ಬಂದಿದ್ದರೆ ಸಾಲಿಗನ ನಷ್ಟ ಸುಮಾರು 63, ಆದರೆ ಅವನಿಗೆ ಸಿಗುವ ಪರಿಹಾರ ಕೇವಲ 30 ಆಗುತ್ತಿತ್ತು. ಈ ಲೋಪ ಸರಿಪಡಿಸಲು 2014ರ ಹೊಸ ಒಪ್ಪಂದ ನಿಯಮಗಳಲ್ಲಿ, ಹಳೆಯ ಬಾಂಡಿಗೆ ಪ್ರತಿಯಾಗಿ ಸಿಕ್ಕ ಇಡೀ ಗಂಟನ್ನೇ ಹರಾಜಿಗೆ ತರಬಹುದು ಎಂದು ಸೇರಿಸಿದರು.

ಅಷ್ಟರಲ್ಲಿ ಐರೋಪ್ಯ ಒಕ್ಕೂಟ 2012ರ ನವೆಂಬರ್ 1ರಿಂದ, ಸಾಲಪತ್ರ ಅಥವಾ ಅದಕ್ಕೆ ಸಂಬಂಧಿಸಿದ ಹಿತವಿಲ್ಲದೆ ತನ್ನ ಸದಸ್ಯ ದೇಶಗಳ ಸಿಡಿಎಸ್ ಕೊಳ್ಳುವುದನ್ನು ನಿಷೇಧಿಸಿತು. ಪಣ ಕಟ್ಟುವವರನ್ನು ಹೊರಗಿಟ್ಟರೆ ವಹಿವಾಟು ತೆಳುವಾಗುತ್ತದೆ. ತೆಳುವಾದ ಮಾರುಕಟ್ಟೆಯಲ್ಲಿ ಕೆಲವೇ ವ್ಯವಹಾರಗಳು ದರವನ್ನು ಎತ್ತಿಹಾಕಬಲ್ಲವು. ಆಗ ದರವನ್ನು ಅದೇ ದೇಶದ ಬಾಂಡ್ ಬಡ್ಡಿಯೊಂದಿಗೆ ಹೋಲಿಸಿ ನೋಡಬೇಕು. ಎರಡೂ ಒಟ್ಟಿಗೆ ಏರಿದರೆ ಭಯ ನಿಜ. ಸಿಡಿಎಸ್ ಒಂದೇ ಜಿಗಿದರೆ ಮೊದಲು ವಹಿವಾಟಿನ ಪ್ರಮಾಣ ವಿಚಾರಿಸುವುದು ಒಳ್ಳೆಯದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಭಾರತ ಸರ್ಕಾರ ಡಾಲರ್ ಬಾಂಡ್‌ಗಳನ್ನು ಹೊರತಂದಿಲ್ಲವಾದ್ದರಿಂದ ವಿದೇಶಿ ಹೂಡಿಕೆದಾರರು ಬಹುಕಾಲದಿಂದ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಸಿಡಿಎಸ್ ದರವನ್ನೇ ಭಾರತದ ಅಪಾಯದ ಬದಲಿ ಅಳತೆಯಾಗಿ ಬಳಸುತ್ತಾರೆ. ಆ ಬ್ಯಾಂಕಿನ ಕೆಟ್ಟ ಸಾಲಗಳ ಚಿಂತೆಯೂ ಅದೇ ಅಂಕಿಯೊಳಗೆ ಬೆರೆತಿರುತ್ತದೆ.