ಸುಳ್ಳು ನೆಗೆಟಿವ್ ರಿನ್ನೆ: ಕೆಟ್ಟ ಕಿವಿಯ ಪರವಾಗಿ ಒಳ್ಳೆಯ ಕಿವಿ ಉತ್ತರ ಕೊಟ್ಟಾಗ

ಇಎನ್‌ಟಿ ಪರೀಕ್ಷೆಗೆ ಓದುವವರು ಟ್ಯೂನಿಂಗ್ ಫೋರ್ಕ್ ಬಗ್ಗೆ ಒಂದು ಸಾಲು ಬಾಯಿಪಾಠ ಮಾಡಿಕೊಂಡಿರುತ್ತಾರೆ. ರಿನ್ನೆ ನೆಗೆಟಿವ್ ಬಂದರೆ ಕಂಡಕ್ಟಿವ್ ಕಿವುಡು, ಪಾಸಿಟಿವ್ ಬಂದರೆ ಸೆನ್ಸೊರಿನ್ಯೂರಲ್ ಕಿವುಡು. ಬಹಳಷ್ಟು ರೋಗಿಗಳಲ್ಲಿ ಇದು ಸರಿಯೇ. ಆದರೆ ಒಂದು ಸಂದರ್ಭದಲ್ಲಿ ಈ ಸಾಲು ಪೂರ್ತಿ ಉಲ್ಟಾ ಉತ್ತರ ಕೊಡುತ್ತದೆ. ಅದೇ ಸುಳ್ಳು ನೆಗೆಟಿವ್ ರಿನ್ನೆ. ಅದು ಅರ್ಥವಾಗಬೇಕಾದರೆ ಶಬ್ದ ಯಾವ ದಾರಿಯಲ್ಲಿ ಒಳಗೆ ಹೋಗುತ್ತದೆ ಅಂತ ಮೊದಲು ನೋಡಬೇಕು.

ಶಬ್ದಕ್ಕೆ ಎರಡು ದಾರಿಗಳಿವೆ. ಒಂದು ಗಾಳಿಯ ದಾರಿ: ಕಿವಿಯ ಕಾಲುವೆ, ತಮಟೆ, ಅದರ ಹಿಂದಿನ ಮೂರು ಸಣ್ಣ ಮೂಳೆಗಳು, ಆಮೇಲೆ ಕಾಕ್ಲಿಯಾ. ಇನ್ನೊಂದು ಮೂಳೆಯ ದಾರಿ: ತಲೆಬುರುಡೆ ಅದುರಿದರೆ ಆ ಅದುರು ತಮಟೆಯ ಹಂಗಿಲ್ಲದೆ ಸೀದಾ ಕಾಕ್ಲಿಯಾ ಮುಟ್ಟುತ್ತದೆ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ, ತಮಟೆ ತೂತಾಗಿದ್ದರೆ, ಮಧ್ಯಕಿವಿಯಲ್ಲಿ ನೀರು ತುಂಬಿದ್ದರೆ, ಅಥವಾ ಓಟೋಸ್ಕ್ಲೆರೋಸಿಸ್‌ನಲ್ಲಿ ಸ್ಟೇಪಿಸ್ ಮೂಳೆ ಅಂಟಿಕೊಂಡಿದ್ದರೆ ಗಾಳಿಯ ದಾರಿ ಮಾತ್ರ ಕೆಡುತ್ತದೆ. ಇದು ಕಂಡಕ್ಟಿವ್. ಕಾಕ್ಲಿಯಾ ಅಥವಾ ಅದರಿಂದ ಹೊರಡುವ ನರವೇ ಕೆಟ್ಟಿದ್ದರೆ ಯಾವ ದಾರಿಯಲ್ಲಿ ಶಬ್ದ ಬಂದರೂ ಪ್ರಯೋಜನವಿಲ್ಲ. ಇದು ಸೆನ್ಸೊರಿನ್ಯೂರಲ್. ಫೋರ್ಕ್ ಪರೀಕ್ಷೆಗಳೆಲ್ಲ ಈ ಎರಡು ದಾರಿಗಳನ್ನು ಹೋಲಿಸುವ ಬೇರೆ ಬೇರೆ ಬಗೆಗಳು, ಅಷ್ಟೇ.

ಇದಕ್ಕೆ ಬಳಸುವುದು 512 ಹರ್ಟ್ಸ್ ಫೋರ್ಕ್. ನರರೋಗ ನೋಡಲು ಕಾಲಿನ ಮೇಲಿಡುವ 128 ಹರ್ಟ್ಸ್ ಫೋರ್ಕ್ ಇದಕ್ಕೆ ಆಗಿಬರುವುದಿಲ್ಲ. ಅದರ ಅದುರು ಚರ್ಮಕ್ಕೇ ಗೊತ್ತಾಗುತ್ತದೆ, ರೋಗಿ ಅದನ್ನೇ 'ಕೇಳ್ತಿದೆ' ಅಂದುಬಿಡುತ್ತಾರೆ. ಹೆಚ್ಚು ಹರ್ಟ್ಸ್‌ನ ಫೋರ್ಕ್ ಆದರೆ ಶಬ್ದ ಬೇಗ ಸತ್ತುಹೋಗುತ್ತದೆ. 512 ಈ ಎರಡರ ನಡುವೆ ಸರಿಹೋಗುತ್ತದೆ. ಅದನ್ನು ಮೊಣಕೈಗೋ ರಬ್ಬರ್ ಪ್ಯಾಡಿಗೋ ಹೊಡೆಯಬೇಕು. ಮೇಜಿನ ಅಂಚಿಗೆ ಬಡಿದರೆ ಬೇಡದ ಮೇಲುಸ್ವರಗಳೂ ಎದ್ದು ಎಲ್ಲ ಕಲಸಿಹೋಗುತ್ತದೆ. ಕಿವಿಯ ಮುಂದೆ ಹಿಡಿಯುವಾಗ ಎರಡು ಕವಲುಗಳೂ ಕಾಲುವೆಯ ನೇರಕ್ಕೆ, ಒಂದರ ಹಿಂದೆ ಒಂದು ಇರಬೇಕು. ಓರೆಯಾಗಿ ಹಿಡಿದರೆ ಎರಡು ಕವಲಿನ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಶಬ್ದ ತಗ್ಗುತ್ತದೆ. ನಂಬಿಕೆ ಬರದಿದ್ದರೆ ಫೋರ್ಕ್ ಬಾರಿಸಿ ನಿಮ್ಮ ಕಿವಿಯ ಹತ್ತಿರ ನಿಧಾನವಾಗಿ ತಿರುಗಿಸಿ ನೋಡಿ. ಶಬ್ದ ಏರುತ್ತಾ ಇಳಿಯುತ್ತಾ ಹೋಗುವುದು ನಿಮಗೇ ತಿಳಿಯುತ್ತದೆ.

ರಿನ್ನೆ ಪರೀಕ್ಷೆ ಒಂದೇ ಕಿವಿಯ ಎರಡು ದಾರಿಗಳನ್ನು ಹೋಲಿಸುತ್ತದೆ. ಜರ್ಮನಿಯ ವೈದ್ಯ ಹೈನ್ರಿಕ್ ಅಡಾಲ್ಫ್ ರಿನ್ನೆ ಇದನ್ನು 1855ರಲ್ಲಿ ವಿವರಿಸಿದರು. ಬಾರಿಸಿದ ಫೋರ್ಕ್‌ನ ಬುಡವನ್ನು ಕಿವಿಯ ಹಿಂದಿನ ಮಾಸ್ಟಾಯ್ಡ್ ಮೂಳೆಗೆ ಗಟ್ಟಿಯಾಗಿ ಒತ್ತಬೇಕು. ನಂತರ ಕವಲುಗಳನ್ನು ಕಿವಿಯಿಂದ ಸುಮಾರು 2 ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕು. ಹಿಂದೆ ಇಟ್ಟಾಗ ಜಾಸ್ತಿ ಕೇಳಿತಾ, ಮುಂದೆ ಹಿಡಿದಾಗ ಜಾಸ್ತಿ ಕೇಳಿತಾ ಅಂತ ಕೇಳಬೇಕು. ಮುಂದೆ ಜಾಸ್ತಿ ಅಂದರೆ ರಿನ್ನೆ ಪಾಸಿಟಿವ್. ಸರಿಯಾಗಿರುವ ಕಿವಿಯಲ್ಲಿ ಬರುವುದು ಇದೇ. ಬೇರೆ ಲ್ಯಾಬ್ ರಿಪೋರ್ಟ್‌ಗಳಲ್ಲಿ ಪಾಸಿಟಿವ್ ಅಂದರೆ ರೋಗ ಅಂತ ಓದಿ ರೂಢಿಯಾದವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಸೆನ್ಸೊರಿನ್ಯೂರಲ್ ಕಿವುಡಿನಲ್ಲೂ ಸಾಮಾನ್ಯವಾಗಿ ಪಾಸಿಟಿವ್ ಬರುತ್ತದೆ, ಯಾಕೆಂದರೆ ಎರಡು ದಾರಿಗಳೂ ಒಂದೇ ಪ್ರಮಾಣದಲ್ಲಿ ತಗ್ಗಿರುತ್ತವೆ, ಅವುಗಳ ನಡುವಿನ ಮೇಲುಕೀಳು ಬದಲಾಗಿರುವುದಿಲ್ಲ. ಹಿಂದೆ ಇಟ್ಟಾಗಲೇ ಜಾಸ್ತಿ ಅಂದರೆ ನೆಗೆಟಿವ್, ಅಂದರೆ ಗಾಳಿಯ ದಾರಿಯಲ್ಲಿ ಅಡ್ಡಿ ಇದೆ. ಆದರೆ ಆ ಅಡ್ಡಿ ಕನಿಷ್ಠ 15ರಿಂದ 20 ಡೆಸಿಬಲ್ ಆದರೂ ಇರಬೇಕು. ಅದಕ್ಕಿಂತ ಚಿಕ್ಕದಾದರೆ ರಿನ್ನೆಗೆ ಸಿಗುವುದಿಲ್ಲ.

ವೆಬರ್ ಪರೀಕ್ಷೆ ಎರಡು ಕಿವಿಗಳನ್ನು ಒಂದಕ್ಕೊಂದು ಹೋಲಿಸುತ್ತದೆ. ಫೋರ್ಕ್‌ನ ಬುಡವನ್ನು ಹಣೆಯ ನಡುವೆ ಅಥವಾ ನೆತ್ತಿಯ ಮೇಲೆ ಇಟ್ಟು, ಶಬ್ದ ಯಾವ ಕಡೆ ಕೇಳುತ್ತಿದೆ ಅಂತ ಕೇಳುವುದು. ಒಂದು ಕಡೆ ಸೆನ್ಸೊರಿನ್ಯೂರಲ್ ಕಿವುಡಿದ್ದರೆ ಶಬ್ದ ಒಳ್ಳೆಯ ಕಿವಿಗೆ ಹೋಗುತ್ತದೆ. ಇದು ಸಹಜವಾಗಿ ಒಪ್ಪುವ ಮಾತು. ಕಂಡಕ್ಟಿವ್ ಆದರೆ ಶಬ್ದ ಕೆಟ್ಟ ಕಿವಿಗೇ ಹೋಗುತ್ತದೆ. ಇದನ್ನು ಒಪ್ಪುವುದು ಎಲ್ಲರಿಗೂ ಕಷ್ಟ. ಈಗಲೇ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ಸುಮ್ನೆ 'ಮ್‌ಮ್' ಅಂತ ಗುನುಗಿ. ಶಬ್ದ ಮುಚ್ಚಿದ ಕಿವಿಯೊಳಗೇ ಮೊಳಗುತ್ತದೆ, ಅಲ್ವಾ? ಬೆರಳಿಟ್ಟು ನೀವು ಮಾಡಿದ್ದು ಒಂದು ಕಂಡಕ್ಟಿವ್ ಅಡ್ಡಿಯನ್ನೇ. ಹೊರಗಿನ ಗದ್ದಲ ಆ ಕಿವಿಗೆ ಬರುವುದು ನಿಂತಿತು. ಮೂಳೆಯಿಂದ ಬಂದ ಶಬ್ದದಲ್ಲಿ ಕಾಲುವೆಯ ಮೂಲಕ ಹೊರಗೆ ಸೋರಿಹೋಗುತ್ತಿದ್ದ ಪಾಲೂ ಒಳಗೇ ಉಳಿಯಿತು.

ರೋಗಿಗಳಿಗೂ ಇದು ವಿಚಿತ್ರವಾಗಿಯೇ ಕಾಣುತ್ತದೆ. ಶಬ್ದ ಕೇಳದ ಕಿವಿಯಲ್ಲೇ ಕೇಳುತ್ತಿದ್ದರೂ, ತಪ್ಪು ಹೇಳಿದ ಹಾಗಾಗುತ್ತದೇನೋ ಅಂತ ಒಳ್ಳೆಯ ಕಿವಿಯ ಕಡೆ ಬೆರಳು ತೋರಿಸುವವರಿದ್ದಾರೆ. ಹಾಗಾಗಿ "ಯಾವ ಕಿವೀಲಿ ಚೆನ್ನಾಗಿ ಕೇಳ್ತಿದೆ?" ಅಂತ ಕೇಳಬೇಡಿ. "ಶಬ್ದ ನಡುವೆ ಇದೆಯಾ ಅಮ್ಮ, ಎಡಕ್ಕಾ, ಬಲಕ್ಕಾ? ಯಾವ ಕಡೆ ಅಂದರೂ ತಪ್ಪಿಲ್ಲ" ಅಂತ ಕೇಳಿ. ವೆಬರ್ ತುಂಬಾ ಸೂಕ್ಷ್ಮ. ಎರಡು ಕಿವಿಗಳ ನಡುವೆ 5 ಡೆಸಿಬಲ್ ವ್ಯತ್ಯಾಸವಿದ್ದರೂ ವಾಲಬಲ್ಲದು. ಮಗುವಿನ ಒಂದು ಕಿವಿಯಲ್ಲಿ ಸ್ವಲ್ಪ ನೀರು ತುಂಬಿದ್ದಾಗ ಎರಡೂ ಕಡೆ ರಿನ್ನೆ ಪಾಸಿಟಿವ್ ಇದ್ದು, ವೆಬರ್ ಮಾತ್ರ ಆ ಕಿವಿಗೆ ವಾಲುವುದು ಈ ಕಾರಣಕ್ಕೇ. ನಡುವೆ ಕೇಳಿತು ಅಂದ ಮಾತ್ರಕ್ಕೆ ಎರಡೂ ಕಿವಿ ಚೆನ್ನಾಗಿವೆ ಅಂತಲ್ಲ. ಎರಡೂ ಸಮವಾಗಿ ಕೆಟ್ಟಿರಲೂಬಹುದು.

ಈಗ ಆ ಸಿಕ್ಕಿನ ಪ್ರಶ್ನೆಗೆ ಬರೋಣ. 45 ವರ್ಷದ ಒಬ್ಬರು ಬೆಳಗ್ಗೆ ಎದ್ದಾಗ ಬಲಗಿವಿ ಕೇಳುತ್ತಿಲ್ಲ. ನೋವಿಲ್ಲ, ಸೋರಿಕೆ ಇಲ್ಲ, ತಮಟೆ ನೋಡಲು ಸರಿಯಾಗಿಯೇ ಇದೆ. ಬಲಗಡೆ ರಿನ್ನೆ ನೆಗೆಟಿವ್. ಎಡಗಡೆ ಪಾಸಿಟಿವ್. ವೆಬರ್ ಎಡಕ್ಕೆ. ಬಾಯಿಪಾಠದ ಸಾಲು ನಂಬಿದರೆ ಬಲಗಡೆ ಕಂಡಕ್ಟಿವ್ ಕಿವುಡು ಅನ್ನಬೇಕಾಗುತ್ತದೆ. ಆದರೆ ಬಲಗಡೆ ಕಂಡಕ್ಟಿವ್ ಇದ್ದಿದ್ದರೆ ವೆಬರ್ ಬಲಕ್ಕೇ ವಾಲಬೇಕಿತ್ತು. ಅದು ಎಡಕ್ಕೆ ಹೋಗಿದೆ. ಎರಡು ಪರೀಕ್ಷೆಗಳ ಮಾತು ಒಂದಕ್ಕೊಂದು ಹೊಂದುತ್ತಿಲ್ಲ. ಹೀಗಾದಾಗ ಮೊದಲು ಅನುಮಾನಿಸಬೇಕಾದದ್ದು ರಿನ್ನೆಯನ್ನು.

ನಡೆದದ್ದು ಇಷ್ಟು. ಬಲಗಡೆಯ ಕಾಕ್ಲಿಯಾ ಹೆಚ್ಚುಕಮ್ಮಿ ಪೂರ್ತಿ ಕೆಲಸ ನಿಲ್ಲಿಸಿದೆ. ಫೋರ್ಕ್ ಅನ್ನು ಬಲ ಮಾಸ್ಟಾಯ್ಡ್ ಮೇಲೆ ಇಟ್ಟಾಗ ತಲೆಬುರುಡೆ ಇಡಿಯಾಗಿ ಅದುರಿತು. ಮೂಳೆಯಲ್ಲಿ ಶಬ್ದ ಆ ಕಡೆಯಿಂದ ಈ ಕಡೆಗೆ ದಾಟುವಾಗ ಕಳೆದುಕೊಳ್ಳುವುದು ಬರೀ 0ಯಿಂದ 10 ಡೆಸಿಬಲ್. ಹಾಗಾಗಿ ಎಡಗಡೆಯ ಒಳ್ಳೆಯ ಕಾಕ್ಲಿಯಾ ಅದನ್ನು ಆರಾಮಾಗಿ ಕೇಳಿಸಿಕೊಂಡಿತು, ರೋಗಿ "ಹೌದು, ಕೇಳ್ತಿದೆ" ಅಂದರು. ಅದೇ ಫೋರ್ಕ್ ಬಲಗಿವಿಯ ಮುಂದೆ ಗಾಳಿಯಲ್ಲಿ ಇದ್ದಾಗ ಎಡಗಿವಿ ತಲುಪಬೇಕಾದರೆ ಶಬ್ದ ಸುಮಾರು 40 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಕಳೆದುಕೊಳ್ಳಬೇಕು. ಆದ್ದರಿಂದ "ಈಗ ಇಲ್ಲ" ಅಂದರು. ನಾವು ಮೂಳೆಯ ದಾರಿ ಮೇಲು ಅಂತ ಬರೆದುಕೊಂಡೆವು. ನಿಜವಾಗಿ ನಾವು ಹೋಲಿಸಿದ್ದು ಎಡಗಿವಿಯ ಮೂಳೆ ಶಬ್ದವನ್ನು ಬಲಗಿವಿಯ ಗಾಳಿ ಶಬ್ದದ ಜೊತೆ. ರೋಗಿ ಸುಳ್ಳು ಹೇಳಲಿಲ್ಲ. ಶಬ್ದ ಕೇಳಿತೋ ಇಲ್ಲವೋ ಅಂತ ಹೇಳಿದರು, ಯಾವ ಕಿವಿಗೆ ಕೇಳಿತು ಅಂತ ನಾವು ಕೇಳಿರಲಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಎಡಗಿವಿಯನ್ನು ಆಟದಿಂದ ಹೊರಗಿಡಬೇಕು. ಮಾಸ್ಕಿಂಗ್ ಅನ್ನುವುದು ಇದನ್ನೇ. ಬರಾನಿ ನಾಯ್ಸ್ ಬಾಕ್ಸ್ ಅನ್ನುವ, ಕೀಲಿ ಕೊಟ್ಟರೆ ಗರ್ರೆನ್ನುವ ಸಣ್ಣ ಡಬ್ಬಿಯನ್ನು ಎಡಗಿವಿಗೆ ಹಿಡಿದು ಗದ್ದಲ ತುಂಬಬೇಕು. ವೆಸ್ಟಿಬ್ಯುಲರ್ ಸಂಶೋಧನೆಗೆ 1914ರ ನೊಬೆಲ್ ಪಡೆದ ರಾಬರ್ಟ್ ಬರಾನಿ ಅವರ ಹೆಸರೇ ಇದಕ್ಕಿದೆ. ಡಬ್ಬಿ ಇಲ್ಲದಿದ್ದರೆ ಕಿವಿಯ ಹತ್ತಿರ ಕಾಗದ ಮುದುರುವುದು ಅಥವಾ ಟ್ರೇಗಸ್ ಒತ್ತಿ ಬೆರಳಲ್ಲಿ ಉಜ್ಜುವುದೂ ತಕ್ಕಮಟ್ಟಿಗೆ ನಡೆಯುತ್ತದೆ. ಎಡಗಿವಿಯಲ್ಲಿ ಗದ್ದಲ ಇರುವಾಗಲೇ ಫೋರ್ಕ್ ಅನ್ನು ಮತ್ತೆ ಬಲ ಮಾಸ್ಟಾಯ್ಡ್ ಮೇಲೆ ಇಡಿ. ಈಗ ರೋಗಿ ಏನೂ ಕೇಳುತ್ತಿಲ್ಲ ಅನ್ನುತ್ತಾರೆ. ಗಾಳಿಯಲ್ಲೂ ಇಲ್ಲ, ಮೂಳೆಯಲ್ಲೂ ಇಲ್ಲ. ಅಂದರೆ ಇದು ಬಲಗಿವಿಯ ತೀವ್ರ ಸೆನ್ಸೊರಿನ್ಯೂರಲ್ ಕಿವುಡು.

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಎತ್ತುತ್ತಾರೆ, ಅದು ಒಳ್ಳೆಯ ಪ್ರಶ್ನೆ: ಎಬಿಸಿ ಪರೀಕ್ಷೆ ಮಾಡಿದರೆ ಗೊತ್ತಾಗುವುದಿಲ್ಲವಾ? ಎಬಿಸಿಯಲ್ಲಿ ರೋಗಿಯ ಟ್ರೇಗಸ್ ಒತ್ತಿ ಕಾಲುವೆ ಮುಚ್ಚಿ, ಮಾಸ್ಟಾಯ್ಡ್ ಮೇಲೆ ಫೋರ್ಕ್ ಇಡುತ್ತೇವೆ. ಅವರಿಗೆ ಕೇಳುವುದು ನಿಂತ ಕೂಡಲೇ ಅದನ್ನು ಅದೇ ರೀತಿ ನಮ್ಮ ಮಾಸ್ಟಾಯ್ಡ್ ಮೇಲೆ ಇಟ್ಟುಕೊಳ್ಳುತ್ತೇವೆ. ನಮಗೆ ಇನ್ನೂ ಕೇಳುತ್ತಿದ್ದರೆ ಅವರ ಕಾಕ್ಲಿಯಾ ಕುಗ್ಗಿದೆ ಅಂತ ಅರ್ಥ. ಕಂಡಕ್ಟಿವ್‌ನಲ್ಲಿ ಇಬ್ಬರಿಗೂ ಒಂದೇ ಹೊತ್ತಿಗೆ ನಿಲ್ಲುತ್ತದೆ. ಪರೀಕ್ಷಕರ ಕಿವಿ ಸರಿಯಾಗಿರಬೇಕು ಅನ್ನುವುದು ಇದರ ಷರತ್ತು. ಆದರೆ ನಮ್ಮ ರೋಗಿಯಲ್ಲಿ ಮಾಸ್ಕಿಂಗ್ ಇಲ್ಲದೆ ಮಾಡಿದರೆ ಇದೂ ಮೋಸ ಹೋಗುತ್ತದೆ. ಬಲಗಡೆ ಇಟ್ಟ ಫೋರ್ಕ್ ಅನ್ನು ಇಲ್ಲೂ ಎಡ ಕಾಕ್ಲಿಯಾವೇ ಕೇಳಿಸಿಕೊಳ್ಳುತ್ತದೆ, ಉತ್ತರ ಸರಿಯಾಗಿರುವ ಹಾಗೆ ಕಾಣುತ್ತದೆ. ಮಾಸ್ಕಿಂಗ್ ಇಲ್ಲದೆಯೂ ಇಲ್ಲಿ ದಾರಿ ತೋರಿಸಿದ್ದು ವೆಬರ್ ಒಂದೇ. ಅದರ ಕೆಲಸವೇ ಎರಡೂ ಕಾಕ್ಲಿಯಾಗಳಿಗೆ ಒಟ್ಟಿಗೆ ಶಬ್ದ ಕೊಟ್ಟು ಯಾವುದು ಮೇಲು ಅಂತ ಕೇಳುವುದು, ಹಾಗಾಗಿ ಶಬ್ದ ಆ ಕಡೆಗೆ ದಾಟುವುದರಿಂದ ಅದಕ್ಕೆ ತೊಂದರೆಯಿಲ್ಲ.

ಈ ಮೋಸ ತೀವ್ರವಾದ, ಒಂದೇ ಕಡೆಯ ಸೆನ್ಸೊರಿನ್ಯೂರಲ್ ಕಿವುಡಿನಲ್ಲಿ ಆಗುವಂಥದ್ದು. ಬಲಗಿವಿ ಸಾಧಾರಣ ಮಟ್ಟಿಗೆ ಮಾತ್ರ ಕೆಟ್ಟಿದ್ದರೆ ಫೋರ್ಕ್‌ನ ಗಾಳಿ ಶಬ್ದ ಅದಕ್ಕೇ ಕೇಳುತ್ತದೆ, ರಿನ್ನೆ ಪಾಸಿಟಿವ್ ಆಗಿಯೇ ಬರುತ್ತದೆ. ಹಾಗೇ, ಒಂದೇ ಕಿವಿಯಲ್ಲಿ ಎರಡೂ ಬಗೆಯ ಕಿವುಡು ಬೆರೆತಿದ್ದರೆ ಫೋರ್ಕ್‌ನಿಂದ ಲೆಕ್ಕ ಹಾಕುವುದು ಕಷ್ಟ. ಎಷ್ಟು ಡೆಸಿಬಲ್ ಅಂತ ಸರಿಯಾಗಿ ತಿಳಿಯಲು ಮಾಸ್ಕಿಂಗ್ ಸಹಿತ ಪ್ಯೂರ್ ಟೋನ್ ಆಡಿಯೋಮೆಟ್ರಿ ಬೇಕೇ ಬೇಕು.

ಪ್ರಶ್ನೆಪತ್ರಿಕೆಯಲ್ಲಿ ತಪ್ಪಾದರೆ ಅಂಕ ಹೋಗುತ್ತದೆ, ಒಪಿಡಿಯಲ್ಲಿ ತಪ್ಪಾದರೆ ಕಿವಿ ಹೋಗಬಹುದು. ಇದ್ದಕ್ಕಿದ್ದಂತೆ ಬರುವ ಸೆನ್ಸೊರಿನ್ಯೂರಲ್ ಕಿವುಡಿನವರು ಬಹಳ ಸಲ "ಕಿವಿ ಕಟ್ಟಿದೆ" ಅಂತಲೇ ಬರುತ್ತಾರೆ. ರಿನ್ನೆ ನೆಗೆಟಿವ್ ನೋಡಿ ಶೀತಕ್ಕೆ ಕಟ್ಟಿರಬೇಕು ಅಂತ ಮೂಗಿನ ಡ್ರಾಪ್ಸ್ ಬರೆದು ಕಳಿಸಿದರೆ ಸ್ಟೀರಾಯ್ಡ್ ಕೊಡಬೇಕಾದ ಹೊತ್ತು ಜಾರಿಹೋಗುತ್ತದೆ. ಅದನ್ನು ಮೊದಲ 2 ವಾರದೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ಶುರು ಮಾಡಬೇಕು. ಹಾಗಾಗಿ ನೋಡಲು ಸರಿಯಾಗಿರುವ ತಮಟೆ, ನೆಗೆಟಿವ್ ರಿನ್ನೆ, ಒಳ್ಳೆಯ ಕಿವಿಗೆ ವಾಲಿದ ವೆಬರ್ ಈ ಮೂರೂ ಒಟ್ಟಿಗೆ ಸಿಕ್ಕರೆ ಅವರನ್ನು ಅವತ್ತೇ ಆಡಿಯೋಮೆಟ್ರಿಗೆ ಕಳಿಸಿ.