ಕಾನ್ಫಿಡೆನ್ಶಿಯಲ್ ವಿಎಮ್ ಆರಿಸಿಕೊಂಡರೆ ಕ್ಲೌಡ್ ಕಂಪನಿಗೆ ನಮ್ಮ ಡೇಟಾ ಕಾಣುವುದಿಲ್ಲವೇ?

ಓದುಗರ ಪ್ರಶ್ನೆ: ನಮ್ಮ ರೋಗಪತ್ತೆ ಲ್ಯಾಬಿನ ವರದಿಗಳ ಡೇಟಾಬೇಸನ್ನು ಸಾರ್ವಜನಿಕ ಕ್ಲೌಡಿಗೆ ಒಯ್ಯುತ್ತಿದ್ದೇವೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ನೆಟ್‌ವರ್ಕಿನಲ್ಲಿ ಟಿಎಲ್‌ಎಸ್ ಇದೆ. ಕಾನ್ಫಿಡೆನ್ಶಿಯಲ್ ವಿಎಮ್ ಅನ್ನೂ ಆರಿಸಿಕೊಂಡರೆ ಕ್ಲೌಡ್ ಕಂಪನಿಯವರು ನಮ್ಮ ಡೇಟಾ ನೋಡಲಾರರು ಎಂದು ನಂಬಬಹುದೇ?

ಉತ್ತರ: ಕಾನ್ಫಿಡೆನ್ಶಿಯಲ್ ವಿಎಮ್ ಎಂದರೆ ಓಡುತ್ತಿರುವಾಗಲೂ ಮೆಮೊರಿಯನ್ನು ಪ್ರೊಸೆಸರ್ ಎನ್‌ಕ್ರಿಪ್ಟ್ ಮಾಡಿ ಇಡುವ ವರ್ಚುವಲ್ ಯಂತ್ರ. ಅದನ್ನು ಆರಿಸಿಕೊಂಡ ಮಾತ್ರಕ್ಕೆ ನಂಬಲಾಗದು. ಡಿಸ್ಕಿನ ಕೀಲಿಯನ್ನು ನೀವು ಯಾರಿಗೆ, ಏನನ್ನು ಪರೀಕ್ಷಿಸಿದ ಮೇಲೆ ಕೊಡುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಪ್ರೊಸೆಸರ್ ತಯಾರಕ ಎಎಮ್‌ಡಿಯ ಎಸ್‌ಇವಿ ಎಂಬ ಮೆಮೊರಿ ಎನ್‌ಕ್ರಿಪ್ಶನ್ ವ್ಯವಸ್ಥೆಯ ಸುಧಾರಿತ ರೂಪವಾದ ಎಸ್‌ಇವಿ-ಎಸ್‌ಎನ್‌ಪಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸುತ್ತೇನೆ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೂ ಡೇಟಾಬೇಸ್ ಓಡುತ್ತಿರುವಾಗ ವರದಿಗಳೂ ಡಿಸ್ಕಿನ ಕೀಲಿಯೂ ರ‍್ಯಾಮಿನಲ್ಲಿ ತೆರೆದೇ ಇರುತ್ತವೆ. ಸಾಮಾನ್ಯ ವಿಎಮ್ ಆಗಿದ್ದರೆ ಅದನ್ನು ನಡೆಸುವ ಕ್ಲೌಡ್ ಕಂಪನಿಯ ತಂತ್ರಾಂಶವಾದ ಹೈಪರ್‌ವೈಸರ್ ಆ ಮೆಮೊರಿಯನ್ನು ಓದಬಲ್ಲದು. ಎಸ್‌ಇವಿ ಇರುವಲ್ಲಿ ಪ್ರತಿ ವಿಎಮ್‌ಗೂ ಒಂದು ಪ್ರತ್ಯೇಕ ಕೀಲಿ ಇದ್ದು, ಡೇಟಾ ಪ್ರೊಸೆಸರ್‌ನಿಂದ ರ‍್ಯಾಮಿಗೆ ಹೋಗುವಾಗ ಮೆಮೊರಿ ಕಂಟ್ರೋಲರ್ ಅದನ್ನು ಎನ್‌ಕ್ರಿಪ್ಟ್ ಮಾಡುತ್ತದೆ. ಆ ಕೀಲಿ ಹೈಪರ್‌ವೈಸರ್‌ಗೆ ಸಿಗುವುದಿಲ್ಲ. ಆದರೆ ಮೊದಲ ಎಸ್‌ಇವಿಯಲ್ಲಿ ಒಂದು ಕೊರತೆ ಇತ್ತು: ಹೈಪರ್‌ವೈಸರ್‌ಗೆ ಓದಲು ಬಾರದಿದ್ದರೂ, ಮೆಮೊರಿಯ ಒಂದು ತುಣುಕಾದ ಪುಟದ ಹಳೆಯ ಪ್ರತಿಯನ್ನು ಎತ್ತಿಟ್ಟುಕೊಂಡು ಆಮೇಲೆ ಅದೇ ಜಾಗಕ್ಕೆ ಮರಳಿ ಬರೆಯಲು ಅಡ್ಡಿ ಇರಲಿಲ್ಲ. 2021ರ ಮೂರನೆಯ ಪೀಳಿಗೆಯ ಎಪಿಕ್ ಪ್ರೊಸೆಸರ್‌ಗಳೊಂದಿಗೆ ಬಂದ ಎಸ್‌ಎನ್‌ಪಿ, ಪ್ರತಿ ಪುಟದ ಒಡೆಯ ಯಾರೆಂಬ ಪಟ್ಟಿಯೊಂದನ್ನು ಇಟ್ಟು, ಒಡೆಯನಲ್ಲದವರ ಬರವಣಿಗೆಯನ್ನು ಹಾರ್ಡ್‌ವೇರ್ ಮಟ್ಟದಲ್ಲೇ ತಡೆಯುತ್ತದೆ.

ವಿಎಮ್ ಒಳಗೆ ಹೋಗಿ ಹೀಗೆ ಕೇಳಿದರೆ ಲಿನಕ್ಸ್ ಕರ್ನಲ್ ಉತ್ತರ ಕೊಡುತ್ತದೆ:

```
$ sudo dmesg | grep -i sev
Memory Encryption Features active: AMD SEV SEV-ES SEV-SNP
```

ಬಹಳ ಮಂದಿ ಈ ಸಾಲನ್ನು ನೋಡಿ ನಿಶ್ಚಿಂತರಾಗುತ್ತಾರೆ. ಆದರೆ ಬದಲಾಯಿಸಿದ ಕರ್ನಲ್ ಒಂದನ್ನು ಹಾಕಿದ ಸಾಮಾನ್ಯ ವಿಎಮ್ ಕೂಡ ಇದೇ ಸಾಲನ್ನು ಮುದ್ರಿಸಬಲ್ಲದು. ಅನುಮಾನ ಇರುವುದೇ ಆ ಯಂತ್ರದ ಮೇಲಾದಾಗ, ಅದರ ಬಾಯಿಮಾತು ಸಾಕ್ಷಿಯಾಗಲಾರದು. ಸಾಕ್ಷಿ ಬೇಕಾದರೆ ಚಿಪ್ ಕೊಡುವ, ಎಎಮ್‌ಡಿಯ ಪ್ರಮಾಣಪತ್ರ ಸರಪಳಿಗೆ ಸೇರಿದ ಕೀಲಿಯಿಂದ ಸಹಿಯಾದ ದೃಢೀಕರಣ ವರದಿಯನ್ನು ಕೇಳಬೇಕು.

ನಿಮ್ಮ ಲ್ಯಾಬಿನ ಮಟ್ಟಿಗೆ ಇದು ಹೀಗೆ ನಡೆಯಬೇಕು. ಡಿಸ್ಕಿನ ಕೀಲಿ ಕ್ಲೌಡಿನಲ್ಲಿರದೆ, ನಿಮ್ಮದೇ ಕಚೇರಿಯ ಒಂದು ಸಣ್ಣ ಸರ್ವರಿನಲ್ಲಿರಲಿ. ವಿಎಮ್ ಬೂಟ್ ಆಗುವಾಗ, ಡಿಸ್ಕ್ ತೆರೆಯುವುದಕ್ಕೂ ಮೊದಲೇ, ಅದರ initrd ಎಂಬ ಆರಂಭಿಕ ಪ್ರೋಗ್ರಾಂಗಳ ಕಟ್ಟು ಒಂದು ಹೊಸ ಕೀಲಿಜೋಡಿಯನ್ನು ಸೃಷ್ಟಿಸಿ, ನಿಮ್ಮ ಸರ್ವರಿನಿಂದ ಒಮ್ಮೆ ಮಾತ್ರ ಬಳಸುವ ಸಂಖ್ಯೆಯೊಂದನ್ನು ಪಡೆಯುತ್ತದೆ. ಆ ಸಂಖ್ಯೆ ಮತ್ತು ತನ್ನ ಸಾರ್ವಜನಿಕ ಕೀಲಿ ಎರಡನ್ನೂ ಸೇರಿಸಿ ತೆಗೆದ ಎಸ್‌ಎಚ್‌ಎ-512 ಹ್ಯಾಶ್ ಸರಿಯಾಗಿ 64 ಬೈಟ್ ಆಗುತ್ತದೆ. ದೃಢೀಕರಣ ವರದಿಯ REPORT_DATA ಎಂಬ ಜಾಗದ ಅಳತೆಯೂ ಅಷ್ಟೇ. ಹ್ಯಾಶನ್ನು ಅಲ್ಲಿ ಇಡಿಸಿ ಚಿಪ್‌ನಿಂದ ಪಡೆದ ವರದಿಯನ್ನು ಸಾರ್ವಜನಿಕ ಕೀಲಿಯೊಂದಿಗೆ ನಿಮ್ಮ ಸರ್ವರಿಗೆ ಕಳುಹಿಸುತ್ತದೆ. ಸರ್ವರ್ ಸಹಿಯನ್ನೂ ಈ ಹ್ಯಾಶನ್ನೂ ಪರಿಶೀಲಿಸಿ, MEASUREMENT ತಾನು ನಿರೀಕ್ಷಿಸಿದ ಮೌಲ್ಯವೇ ಎಂದು ನೋಡಿ, POLICYಯಲ್ಲಿ ಹೈಪರ್‌ವೈಸರ್‌ಗೆ ಮೆಮೊರಿ ಓದಗೊಡುವ ಡಿಬಗ್‌ಗೆ ಅನುಮತಿ ಇದ್ದರೆ ತಿರಸ್ಕರಿಸಿ, ಎಲ್ಲವೂ ಸರಿಯಿದ್ದಾಗ ಮಾತ್ರ ಡಿಸ್ಕಿನ ಕೀಲಿಯನ್ನು ಆ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಕಳುಹಿಸುತ್ತದೆ. ಹಳೆಯ ವರದಿಯನ್ನು ಯಾರಾದರೂ ಮತ್ತೆ ಒಪ್ಪಿಸಿದರೆ ಸಂಖ್ಯೆ ತಾಳೆಯಾಗದೆ ಸಿಕ್ಕಿಬೀಳುತ್ತಾರೆ.

ಸಾಮಾನ್ಯವಾಗಿ ಎಡವುವುದು MEASUREMENTನಲ್ಲಿ. ಅದು ವಿಎಮ್ ಶುರುವಾಗುವ ಗಳಿಗೆಯಲ್ಲಿ ಮೆಮೊರಿಗೆ ತುಂಬಿದ್ದರ ಅಳತೆ ಮಾತ್ರ. ಎಷ್ಟೋ ಕಡೆ ಅದು ಬರೀ ಫರ್ಮ್‌ವೇರ್. ಕರ್ನಲ್, initrd, ಕಮಾಂಡ್ ಲೈನ್ ಇವುಗಳ ಹ್ಯಾಶ್‌ಗಳು ಅದರಲ್ಲಿ ಸೇರದಿದ್ದರೆ, ಒಳಗಿನವರೊಬ್ಬರು initrd ಬದಲಿಸಿದರೂ ಅಳತೆ ಹಾಗೇ ಉಳಿದು, ನಿಮ್ಮ ಸರ್ವರ್ ಕೀಲಿಯನ್ನು ಅವರ ಕೈಗೇ ಇಡುತ್ತದೆ. ಇದನ್ನು ಕಂಡುಹಿಡಿಯಲು ದಾಖಲೆ ಓದುವುದಕ್ಕಿಂತ ಸುಲಭದ ಉಪಾಯವಿದೆ: ಪರೀಕ್ಷಾ ವಿಎಮ್‌ನ initrdಗೆ ಒಂದು ಖಾಲಿ ಫೈಲ್ ಸೇರಿಸಿ ಬೂಟ್ ಮಾಡಿ. ಆಗಲೂ ಕೀಲಿ ಸಿಕ್ಕಿತೆಂದರೆ ನಿಮ್ಮ ವ್ಯವಸ್ಥೆ ಪರಿಶೀಲಿಸಬೇಕಾದ್ದನ್ನು ಪರಿಶೀಲಿಸುತ್ತಿಲ್ಲ. ಫರ್ಮ್‌ವೇರ್ ಕ್ಲೌಡ್ ಕಂಪನಿಯದ್ದೇ ಆಗಿದ್ದರೆ, ಅದರ ಮೂಲ ಕೋಡ್ ಪ್ರಕಟವಾಗಿದ್ದು ನೀವೇ ಕಟ್ಟಿ ಅದೇ ಹ್ಯಾಶ್ ಪಡೆಯಲು ಸಾಧ್ಯವೇ ಎಂದೂ ಕೇಳಿ.

ಇಷ್ಟಾದ ಮೇಲೂ ಒಂದು ಮಿತಿ ಉಳಿಯುತ್ತದೆ. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಬ್ಯಾಡ್‌ರ‍್ಯಾಮ್ ದಾಳಿಯಲ್ಲಿ, ಮೆಮೊರಿ ಮಾಡ್ಯೂಲಿನ ಮೇಲಿನ ಪುಟ್ಟ ಮಾಹಿತಿ ಚಿಪ್ಪನ್ನು ತಿದ್ದಿ, ಮಾಡ್ಯೂಲ್ ತನ್ನ ನಿಜ ಗಾತ್ರದ ಎರಡರಷ್ಟಿದೆ ಎಂದು ಸುಳ್ಳು ಹೇಳಿಸಲಾಗಿತ್ತು. ಆಗ ಎರಡು ವಿಳಾಸಗಳು ಒಂದೇ ಜಾಗವನ್ನು ತೋರಿಸಿ, ಪುಟಗಳ ಒಡೆತನದ ಪಟ್ಟಿಯೇ ದಾಳಿಕಾರರ ಕೈಗೆ ಸಿಗುತ್ತಿತ್ತು. ಬೇಕಾದ ಉಪಕರಣದ ಖರ್ಚು ಸುಮಾರು 10 ಡಾಲರ್ ಮಾತ್ರ. ಎಎಮ್‌ಡಿ ಫರ್ಮ್‌ವೇರ್ ತಿದ್ದುಪಡಿ ಕೊಟ್ಟಿತು. ಯಂತ್ರದಲ್ಲಿರುವ ಆವೃತ್ತಿ ವರದಿಯ TCB ಸಂಖ್ಯೆಯಲ್ಲಿ ಕಾಣುವುದರಿಂದ, ಅದಕ್ಕಿಂತ ಹಳೆಯದಕ್ಕೆ ಕೀಲಿ ಕೊಡದಂತೆ ನಿಮ್ಮ ಸರ್ವರಿಗೆ ಹೇಳಬಹುದು. ಆದರೆ 2025ರಲ್ಲಿ ಬಂದ ಬ್ಯಾಟರಿಂಗ್ ರ‍್ಯಾಮ್, ಬೂಟ್ ಆದ ಮೇಲೆ ಇದೇ ಆಟ ಕಟ್ಟುವ ಸಾಧನವೊಂದನ್ನು ಮೆಮೊರಿ ಮತ್ತು ಪ್ರೊಸೆಸರ್ ನಡುವೆ ಕೂರಿಸಿತು. ಇಂಥ ಭೌತಿಕ ದಾಳಿಯನ್ನು ಚಿಪ್ ತಯಾರಕರು ತಮ್ಮ ಭರವಸೆಯ ವ್ಯಾಪ್ತಿಯಿಂದ ಹೊರಗಿಟ್ಟಿದ್ದಾರೆ. ಆದ್ದರಿಂದ ಮೇಲಿನಂತೆ ಕಟ್ಟಿದ ವ್ಯವಸ್ಥೆ ಹೈಪರ್‌ವೈಸರ್ ಮೇಲೆ ಹಿಡಿತವಿರುವ ನಿರ್ವಾಹಕರನ್ನು ತಡೆಯುತ್ತದೆ. ಡೇಟಾ ಸೆಂಟರಿನ ಒಳಗೆ ಸರ್ವರಿನ ಮುಚ್ಚಳ ತೆಗೆದು ಕೂರುವವರನ್ನು ತಡೆಯುವ ಹೊಣೆ ಮಾತ್ರ ಇನ್ನೂ ಆ ಕಂಪನಿಯ ಬಾಗಿಲು, ಬೀಗ, ಕ್ಯಾಮೆರಾಗಳ ಮೇಲೇ ಇದೆ.